ಲಿಫ್ಟಿನಲ್ಲಿ ಹೆಸರು ಬೇಡ, ನಲ್ಲಿ ಪಕ್ಕ ಒಂದು ಮಾತು ಸಾಕು: ನೀರಿನ ಘೋಷಣೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು ಜಲಮಂಡಳಿಯ ಪ್ರಚಾರದ ಕೆಲಸ ನೋಡುವವರಿಗೆ ಮತ್ತು ನಗರದ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ಬೇಸಿಗೆ ಹತ್ತಿರ ಬಂದ ಹಾಗೆ ನಮ್ಮ ಅಪಾರ್ಟ್‌ಮೆಂಟುಗಳ ಗೋಡೆ ಮೇಲೆ ನೀರಿನ ಪೋಸ್ಟರುಗಳು ಶುರುವಾಗುತ್ತವೆ. ಒಣಗಿ ಬಿರುಕು ಬಿಟ್ಟ ನೆಲದ ಚಿತ್ರ, ಕೊಡ ಹಿಡಿದು ನಿಂತ ಮಗು, ಕೆಳಗೆ ‘ಇಂದು ನೀವು ಪೋಲು ಮಾಡಿದ್ದು ನಾಳೆ ನಿಮ್ಮ ಮಕ್ಕಳ ಕಣ್ಣೀರು’ ಅನ್ನುವಂಥ ಸಾಲು. ಇಂಥ ಸಾಲುಗಳನ್ನು ನಾನೂ ಬರೆದಿದ್ದೇನೆ. ನಮ್ಮ ಸಂಘದ ಸಮಿತಿಯಲ್ಲಿ ನೀರಿನ ಜವಾಬ್ದಾರಿ ಎರಡು ವರ್ಷ ನನ್ನದೇ ಆಗಿತ್ತು. ಆ ಎರಡು ವರ್ಷದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆವು. ಅದರಿಂದ ಸ್ವಲ್ಪ ಕಲಿತೆವು. ಮುಂದಿನ ಪ್ರಚಾರದ ಸಾಲುಗಳನ್ನು ನೀವು ಬರೆಯುವ ಮೊದಲು ಅದನ್ನು ಹೇಳಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

2024ರ ಬೇಸಿಗೆ ನಿಮಗೆ ನೆನಪಿರುತ್ತದೆ. ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಫೆಬ್ರವರಿಯಲ್ಲೇ ಗಾಳಿ ಉಗುಳೋಕೆ ಶುರು ಮಾಡಿತು. ಟ್ಯಾಂಕರಿಗಾಗಿ ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಗೋಗರೆಯಬೇಕಿತ್ತು. ಆ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಅದು ಬೇಕಾಗಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಂಡದ ದನಿಯನ್ನೇ ನಾವು ಮನೆಯೊಳಗಿನ ಮಾತಿಗೂ ತಂದುಕೊಂಡೆವು. ಪ್ರತಿ ಮನೆಗೂ ನೀರಿನ ಮೀಟರ್ ಇತ್ತು. ತಿಂಗಳ ಕೊನೆಗೆ ಓದು ತೆಗೆದು, ಅತಿ ಹೆಚ್ಚು ನೀರು ಬಳಸಿದ ಹತ್ತು ಮನೆಗಳ ನಂಬರನ್ನು ಲಿಫ್ಟಿನೊಳಗೆ ಅಂಟಿಸಿದೆವು. ಮೇಲೆ ಕೆಂಪಕ್ಷರದಲ್ಲಿ ‘ಇವರು ನಮ್ಮೆಲ್ಲರ ನೀರು ಕುಡಿಯುತ್ತಿದ್ದಾರೆ’ ಎಂದು ಬರೆದಿದ್ದೆವು.

ಪಟ್ಟಿಯಲ್ಲಿ ಮೂರನೆಯದಾಗಿ ಇದ್ದ ಮನೆಯವರು ಆ ತಿಂಗಳು ಅರ್ಧಕ್ಕರ್ಧ ದಿನ ಊರಲ್ಲಿ ಇರಲೇ ಇಲ್ಲ. ಯಜಮಾನರ ತಂದೆ ತೀರಿಕೊಂಡು, ಎಲ್ಲರೂ ಹಾಸನದ ಕಡೆ ಹೋಗಿದ್ದರು. ಕಾರ್ಯ ಎಲ್ಲ ಮುಗಿಸಿ ಹದಿನಾಲ್ಕು ದಿನಕ್ಕೆ ವಾಪಸ್ ಬಂದರು. ಬ್ಯಾಗು ಹಿಡಿದು ಲಿಫ್ಟ್ ಹತ್ತಿದಾಗ ಮೊದಲು ಕಂಡಿದ್ದು ತಮ್ಮ ಮನೆ ನಂಬರು. ಆ ಸಂಜೆ ಅವರು ನಮ್ಮ ಮನೆಗೆ ಬಂದು ಜಗಳ ಆಡಲಿಲ್ಲ. ‘ಮನೆಗೆ ಬೀಗ ಹಾಕಿದ್ದೆವಲ್ಲ ಸಾರ್, ನೀರು ಯಾರು ಬಳಸಿದರು?’ ಎಂದು ಕೇಳಿದರು, ಅಷ್ಟೇ.

ಮರುದಿನ ಅವರ ಜೊತೆ ಹೋಗಿ ನೋಡಿದೆ. ನಮ್ಮಲ್ಲಿ ಒಂದೊಂದು ಮನೆಗೆ ಮೂರು ಕಡೆಯಿಂದ ಪೈಪ್ ಬರುತ್ತದೆ, ಹಾಗಾಗಿ ಮೂರು ಮೀಟರ್. ಎಲ್ಲ ನಲ್ಲಿ ಮುಚ್ಚಿದ ಮೇಲೆ ಮೀಟರಿನ ಮುಖದಲ್ಲಿರುವ ಪುಟ್ಟ ಚಕ್ರವನ್ನು ನೋಡಬೇಕು. ಎರಡು ಚಕ್ರ ನಿಂತಿದ್ದವು. ಮೂರನೆಯದು ನಿಧಾನಕ್ಕೆ, ನಿಲ್ಲದೆ ತಿರುಗುತ್ತಿತ್ತು. ಅದು ಅತಿಥಿಗಳ ಬಚ್ಚಲಿನ ಮೀಟರು. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಲೋಟ ನೀರಲ್ಲಿ ಕದಡಿ ಫ್ಲಶ್ ಟ್ಯಾಂಕಿಗೆ ಸುರಿದೆವು. ಬಟನ್ ಮುಟ್ಟದೆ ಇಪ್ಪತ್ತು ನಿಮಿಷ ಕಾದೆವು. ಕಮೋಡಿನ ಹಿಂಬದಿಯಲ್ಲಿ ಒಂದು ಕೇಸರಿ ಗೆರೆ ಇಳಿದಿತ್ತು. ಟ್ಯಾಂಕಿನ ತಳದ ವಾಷರ್ ಸವೆದಿತ್ತು. ಇಲ್ಲಿ ಸದ್ದಿಲ್ಲ, ತೊಟ್ಟಿಕ್ಕುವುದಿಲ್ಲ. ಕೂದಲೆಳೆಯಷ್ಟು ನೀರು ಪಿಂಗಾಣಿಗೆ ಅಂಟಿಕೊಂಡೇ ಇಳಿಯುತ್ತದೆ. ಒಂದು ನಿಮಿಷಕ್ಕೆ ಒಂದು ಲೋಟ ಅಂದುಕೊಳ್ಳಿ. ದಿನಕ್ಕೆ 280 ಲೀಟರಿನ ಮೇಲೆ, ಹದಿನಾಲ್ಕು ದಿನಕ್ಕೆ ಸುಮಾರು 4000 ಲೀಟರ್. ಒಂದು ದೊಡ್ಡ ಟ್ಯಾಂಕರಿನ ಮೂರನೇ ಒಂದು ಭಾಗ, ಯಾರೂ ಇಲ್ಲದ ಮನೆಯಲ್ಲಿ ಹರಿದು ಹೋಗಿತ್ತು.

ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಮನೆಯ ಕಥೆ ಆಮೇಲೆ ಗೊತ್ತಾಯಿತು. ಅಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು. ದಿನಕ್ಕೆ ಎರಡು ಸಲ ಹಾಸಿಗೆ ಬಟ್ಟೆ ಒಗೆಯಲೇಬೇಕು. ಸೊಸೆ ಆ ಪಟ್ಟಿ ನೋಡಿದ ದಿನದಿಂದ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಓಡಾಡುತ್ತಿದ್ದರಂತೆ. ನಾವು ಆ ಪಟ್ಟಿ ಹರಿದು ಹಾಕಿದೆವು. ಎರಡೂ ಮನೆಗೆ ಹೋಗಿ ಕ್ಷಮೆ ಕೇಳಿದೆವು.

ಹೀಗೆ ಚುಚ್ಚುವ ಮಾತು ಮನಸ್ಸು ನೋಯಿಸುತ್ತದೆ ಅನ್ನುವುದು ಒಂದು ಕಡೆ. ಕೆಲಸವನ್ನೂ ಮಾಡುವುದಿಲ್ಲ ಅನ್ನುವುದು ಇನ್ನೊಂದು. ಪಟ್ಟಿಯಲ್ಲಿ ಇಲ್ಲದ ಮನೆಗಳವರು ‘ಸದ್ಯ, ನಮ್ಮದಿಲ್ಲ’ ಎಂದು ನಿಟ್ಟುಸಿರು ಬಿಟ್ಟರು, ಅಷ್ಟಕ್ಕೇ ಮುಗಿಯಿತು. ಪಟ್ಟಿಯಲ್ಲಿದ್ದವರಿಗೆ ಏನು ಮಾಡಬೇಕು ಅನ್ನುವುದು ಅದರಲ್ಲಿ ಬರೆದಿರಲಿಲ್ಲ. ಇನ್ನೂ ಒಂದು ವಿಷಯ ಇದೆ. ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನ ಇದೆ. ಮರಗಳು ಕಲ್ಲಾಗಿ ಹೋದ ಜಾಗ. ಬಂದವರು ಆ ಕಲ್ಲುಮರದ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಅಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಮನೋವಿಜ್ಞಾನಿ ಮತ್ತು ಜೊತೆಯವರು ಎರಡು ಥರದ ಫಲಕ ಇಟ್ಟು ನೋಡಿದರು. ‘ಬಹಳ ಜನ ಚೂರು ತೆಗೆದುಕೊಂಡು ಹೋಗಿ ಉದ್ಯಾನ ಹಾಳಾಗಿದೆ’ ಎಂದು ಗೋಳಾಡುವ ಫಲಕ ಇದ್ದ ಕಡೆ ಗುರುತು ಮಾಡಿಟ್ಟ ಚೂರುಗಳಲ್ಲಿ ನೂರಕ್ಕೆ ಸುಮಾರು ಎಂಟು ಕಾಣೆಯಾದವು. ‘ದಯವಿಟ್ಟು ತೆಗೆಯಬೇಡಿ’ ಎಂದಷ್ಟೇ ಹೇಳಿದ ಕಡೆ ನೂರಕ್ಕೆ ಎರಡು ಚೂರು ಕೂಡ ಹೋಗಲಿಲ್ಲ. ‘ಎಲ್ಲರೂ ನೀರು ಪೋಲು ಮಾಡುತ್ತಿದ್ದಾರೆ’ ಎಂದು ನಾವು ಗೋಡೆ ಮೇಲೆ ಬರೆದಾಗ ಓದುವವರ ಕಿವಿಗೆ ಬೀಳುವುದು ‘ಎಲ್ಲರೂ ಮಾಡ್ತಾರೆ’ ಅನ್ನೋದೇ ಅಲ್ವಾ?

ಪಟ್ಟಿ ತೆಗೆದ ಮೇಲೆ ಹೊಸ ಸಾಲು ಬರೆಯೋಣ ಎಂದು ಕೂತೆವು. ಮೊದಲ ಸಲ ಬರೆದಿದ್ದೂ ಸರಿ ಬರಲಿಲ್ಲ. ‘ಸ್ನಾನಕ್ಕೆ ಐದೇ ನಿಮಿಷ’ ಎಂದು ಹಾಕಿದೆವು. ಅದರಲ್ಲಿ ಬೈಗುಳ ಇಲ್ಲ ಎಂದುಕೊಂಡಿದ್ದೆವು. ಆದರೆ ಶನಿವಾರ ಎಣ್ಣೆ ಹಚ್ಚಿಕೊಂಡು ತಲೆಗೆ ಸ್ನಾನ ಮಾಡುವವರಿಗೆ ಐದು ನಿಮಿಷ ಸಾಲುತ್ತದೆಯೇ? ಮೊಣಕಾಲು ನೋವಿರುವ ವಯಸ್ಸಾದವರಿಗೆ? ಬಚ್ಚಲಿನ ಬಾಗಿಲ ಹೊರಗೆ ಯಾರೋ ಗಡಿಯಾರ ಹಿಡಿದು ನಿಂತ ಹಾಗೆ ಅನಿಸುತ್ತದೆ ಎಂದು ಒಬ್ಬ ಹುಡುಗಿ ಹೇಳಿದಳು. ಅವಳ ಮಾತು ಸರಿ. ಆಗ ಒಂದು ವಿಷಯ ಅರ್ಥವಾಯಿತು. ಎಷ್ಟು ಬಳಸಬೇಕು ಎಂದು ಹೇಳುವುದು ನಮ್ಮ ಕೆಲಸ ಅಲ್ಲ. ಯಾರ ಬಳಕೆಗೂ ಬಾರದೆ ಮೋರಿಗೆ ಹೋಗುತ್ತಿರುವ ನೀರು ಎಲ್ಲಿದೆ, ಅದನ್ನು ಹಿಡಿಯೋಕೆ ಕೈ ಏನು ಮಾಡಬೇಕು ಎಂದು ಹೇಳಿದರೆ ಸಾಕು.

ಅಂಥ ನೀರು ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ್ದು ಸೋಲಾರ್. ನಮ್ಮ ತಾರಸಿ ಮೇಲೆ ಸೋಲಾರ್ ಟ್ಯಾಂಕುಗಳಿವೆ. ಅಲ್ಲಿಂದ ಬಿಸಿನೀರು ಎರಡನೇ ಮಹಡಿಗೆ ಇಳಿಯಬೇಕಾದರೆ ಪೈಪಿನಲ್ಲಿ ರಾತ್ರಿಯಿಡೀ ನಿಂತು ತಣ್ಣಗಾದ ನೀರು ಮೊದಲು ಹೊರಗೆ ಬರಬೇಕು. ಒಂದು ಇಂಚಿನ ಪೈಪಿನಲ್ಲಿ ಮೀಟರಿಗೆ ಹೆಚ್ಚೂಕಮ್ಮಿ ಅರ್ಧ ಲೀಟರ್ ಹಿಡಿಯುತ್ತದೆ. ಇಪ್ಪತ್ತು ಮೀಟರ್ ಪೈಪು ಅಂದರೆ ಹತ್ತು ಲೀಟರ್, ಅಂದರೆ ಅರ್ಧ ಬಕೆಟ್ಟಿನ ಮೇಲೆ. ಅದು ಕೊಳೆ ನೀರಲ್ಲ, ಬರೀ ತಣ್ಣೀರು. ಬಿಸಿ ಬರಲಿ ಎಂದು ನಲ್ಲಿ ಬಿಟ್ಟು ಟವೆಲ್ ತರಲು ಹೋಗುತ್ತೇವೆ, ಅದು ಸುಮ್ನೆ ಹರಿದು ಹೋಗುತ್ತದೆ. ಇದಕ್ಕೆ ನಾವು ಬರೆದ ಸಾಲು:

ಬಿಸಿ ಬರೋ ಮುಂಚೆ ಬಕೆಟ್ ಇರಲಿ,
ತಣ್ಣೀರು ಬಟ್ಟೆಗೆ ಬರಲಿ.

ಇದನ್ನು ಲಿಫ್ಟಿನಲ್ಲಿ ಹಾಕಲಿಲ್ಲ. ಅಂಗೈಯಷ್ಟು ಸ್ಟಿಕರ್ ಮಾಡಿಸಿ ಮನೆಮನೆಗೆ ಕೊಟ್ಟೆವು, ಬಿಸಿನೀರಿನ ನಲ್ಲಿ ಕಾಣುವ ಕಡೆ ಅಂಟಿಸಿ ಎಂದು ಹೇಳಿದೆವು. ಲಿಫ್ಟಿನಲ್ಲಿ ಓದಿದ್ದು ಬಚ್ಚಲಿಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಮಾತು ಕೈಯ ಪಕ್ಕದಲ್ಲಿರಬೇಕು. ಮೊದಲ ಸ್ಟಿಕರುಗಳು ಹಬೆಗೆ ಕಿತ್ತುಕೊಂಡು ಬಂದವು. ಎರಡನೇ ಸಲ ಲ್ಯಾಮಿನೇಟ್ ಮಾಡಿಸಿ, ಟೈಲ್ಸ್ ಬಿಟ್ಟು ಬಾಗಿಲ ಒಳಬದಿಗೆ ಅಂಟಿಸಿದ ಮೇಲೆ ನಿಂತವು. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಪೈಪು ಬಿಸಿಯಾಗಿಯೇ ಇರುತ್ತದೆ, ಎರಡನೆಯವರಿಗೆ ಆ ಅರ್ಧ ಬಕೆಟ್ ಬಿಡುವ ಕೆಲಸವೇ ಇಲ್ಲ. ಆದರೆ ಇದನ್ನು ಸ್ಟಿಕರಿನಲ್ಲಿ ಸೇರಿಸಲಿಲ್ಲ. ಒಂದು ಸ್ಟಿಕರಿಗೆ ಒಂದೇ ಕೆಲಸ.

ಅಡುಗೆಮನೆಯ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಏಕೆಂದರೆ ಅಲ್ಲಿ ನಾವು ಎರಡನೇ ಸಲ ಎಡವುವವರಿದ್ದೆವು. ಪಾತ್ರೆ ತೊಳೆಯುವಾಗ ನಲ್ಲಿ ಬಿಟ್ಟೇ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಮನೆಯಲ್ಲಿ ಒಂದು ಲೀಟರಿನ ಬಾಟಲಿ ಹಿಡಿದು ನೋಡಿದೆ. ಆರು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 10 ಲೀಟರ್. ಎಂಟು ನಿಮಿಷ ಉಜ್ಜುವಷ್ಟು ಹೊತ್ತು ನಲ್ಲಿ ಹರಿದರೆ 80 ಲೀಟರ್. ಸಮಿತಿಯಲ್ಲಿ ಒಬ್ಬರು ‘ಕೆಲಸದವರಿಗೆ ಬುದ್ಧಿ ಹೇಳುವ ಬೋರ್ಡು ಹಾಕೋಣ’ ಅಂದರು. ಎಲ್ಲರೂ ತಲೆ ಆಡಿಸಿದೆವು. ಬೋರ್ಡು ಪ್ರಿಂಟಿಗೆ ಹೋಗುವ ಮೊದಲು ನನ್ನ ಹೆಂಡತಿ ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನನ್ನು ಕೇಳಿದಳು.

‘ನಾನು ಐದು ಮನೆ ಮಾಡ್ತೀನಮ್ಮ’ ಅಂದರು ಅವರು. ‘ನಲ್ಲಿ ನಿಲ್ಲಿಸಿ ಬಿಟ್ಟು, ನಿಲ್ಲಿಸಿ ಬಿಟ್ಟು ಮಾಡ್ತಾ ಇದ್ರೆ ಸೋಪಿನ ಕೈಗೆ ನಲ್ಲಿ ಜಾರುತ್ತೆ, ಮುಂದಿನ ಮನೆಗೆ ಲೇಟಾಗುತ್ತೆ. ಒಂದು ಟಬ್ಬು ಕೊಡಿ. ಮೊದ್ಲು ಎಲ್ಲಾ ಉಜ್ಜಿ ಟಬ್ಬಿಗೆ ಹಾಕ್ಕೊಳ್ತೀನಿ. ಆಮೇಲೆ ಒಂದೇ ಸಲ ನಲ್ಲಿ ಬಿಟ್ಟು ತೊಳೀತೀನಿ. ಅದೇ ಬೇಗ ಆಗೋದು.’

ಅವರು ಹೇಳಿದ್ದನ್ನು ಮಾಡಿ ನೋಡಿದೆವು. ನಿಜವಾಗಿಯೂ ಬೇಗ ಮುಗಿಯಿತು. ನೀರು ಉಳಿಸುವ ಅಭ್ಯಾಸ ಕೆಲಸದ ಹೊತ್ತನ್ನೂ ಉಳಿಸಿದರೆ ಅದು ತಾನಾಗಿ ನಿಲ್ಲುತ್ತದೆ, ಯಾರೂ ಕಾವಲು ಕಾಯಬೇಕಾಗಿಲ್ಲ. ನಮ್ಮ ಘೋಷಣೆ ಅವರ ಬಾಯಿಂದಲೇ ಬಂತು:

ಮೊದ್ಲು ಉಜ್ಜು, ಆಮೇಲೆ ನಲ್ಲಿ.

ನಾಲ್ಕೇ ಪದ. ‘ಕೆಲಸದವರೇ’ ಎಂಬ ಮಾತಿಲ್ಲ, ಪಾತ್ರೆ ಯಾರು ತೊಳೆದರೂ ಅದು ಅವರದ್ದೇ. ನಮ್ಮಲ್ಲಿ ಕನ್ನಡ ಓದಲು ಬಾರದವರು, ಯಾವ ಭಾಷೆಯನ್ನೂ ಓದಲು ಬಾರದವರು ಇದ್ದಾರೆ. ಆದ್ದರಿಂದ ಪಕ್ಕದಲ್ಲಿ ಎರಡು ಚಿತ್ರ: ಮುಚ್ಚಿದ ನಲ್ಲಿ ಕೆಳಗೆ ಸೋಪು ಹಚ್ಚಿದ ಪಾತ್ರೆಗಳ ಟಬ್ಬು, ಅದರ ಮುಂದೆ ತೆರೆದ ನಲ್ಲಿ. ಸ್ಟಿಕರ್ ಜೊತೆ ಸಂಘದ ಖರ್ಚಿನಲ್ಲಿ ಟಬ್ಬೂ ಕೊಟ್ಟೆವು. ಟಬ್ಬಿಲ್ಲದ ಮನೆಯಲ್ಲಿ ಆ ಸಾಲಿಗೆ ಅರ್ಥವಿಲ್ಲ.

ಅದೇ ಸಿಂಕಿನ ಬಳಿ ಇನ್ನೊಂದು ಸಾಲು ಬರೆಯಲು ಹೋಗಿ ಬದಲಾಯಿಸಿದೆವು. ಹಳ್ಳಿಗಳಲ್ಲಿ ಅಕ್ಕಿ ತೊಳೆದ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ, ಅದು ಕಲಗಚ್ಚಿನ ಬಾನಿಗೆ ಸೇರಿ ದನಕ್ಕೆ ಹೋಗುತ್ತಿತ್ತು. ಫ್ಲ್ಯಾಟಿನಲ್ಲಿ ದನ ಇಲ್ಲ, ಬಾಲ್ಕನಿಯಲ್ಲಿ ನಾಲ್ಕು ಕುಂಡ ಇವೆ. ‘ಅಕ್ಕಿ ತೊಳೆದ ನೀರು, ತುಳಸಿಗೊಂದು ಚೂರು’ ಎಂದು ಬರೆದೆವು. ಪ್ರಾಸ ಚೆನ್ನಾಗಿತ್ತು. ಆದರೆ ತುಳಸಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಇರುವ ಮನೆಯಲ್ಲಿ ಕೆಲವು ಹಿರಿಯರು ತೊಳೆದ ನೀರನ್ನು ತುಳಸಿಗೆ ಹಾಕುವುದಿಲ್ಲ. ಹಾಗಾಗಿ ‘ಅಕ್ಕಿ ತೊಳೆದ ನೀರು, ಕುಂಡಕ್ಕೂ ಒಂದು ಚೂರು’ ಆಯಿತು. ಯಾರನ್ನೂ ಬೈಯದೆ ಹೋದರೂ ಒಂದು ಪದದಿಂದ ಅರ್ಧ ಅಪಾರ್ಟ್‌ಮೆಂಟು ಹೊರಗುಳಿಯಬಹುದು. ಬರೆದ ಸಾಲನ್ನು ನಾಲ್ಕು ಬೇರೆ ಬೇರೆ ಮನೆಯವರಿಗೆ ಓದಿ ಹೇಳಿದರೆ ಇದು ಬೇಗ ಗೊತ್ತಾಗುತ್ತದೆ.

ಶೌಚಾಲಯದ ಸಾಲು ಬರೆಯೋಕೆ ದೊಡ್ಡವರೆಲ್ಲ ಮುಜುಗರ ಪಟ್ಟೆವು. ಎರಡು ಬಟನ್ ಇರುವ ಫ್ಲಶ್‌ನಲ್ಲಿ ಚಿಕ್ಕದು ಒತ್ತಿದರೆ ಸುಮಾರು 3 ಲೀಟರ್, ದೊಡ್ಡದು ಒತ್ತಿದರೆ 6 ಲೀಟರ್ ಹೋಗುತ್ತದೆ. ಯಾವುದು ಯಾವುದಕ್ಕೆ ಎಂದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ, ಎರಡನ್ನೂ ಒಟ್ಟಿಗೆ ಒತ್ತುತ್ತಿದ್ದರು. ಗೊತ್ತಿಲ್ಲದ್ದಕ್ಕೆ ನಾಚಿಕೆ ಯಾಕೆ, ಹೇಳಿಕೊಡಬೇಕು ಅಷ್ಟೇ. ಕೊನೆಗೆ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ, ಶಾಲೆಯಲ್ಲಿ ಟೀಚರ್ ಹತ್ತಿರ ಬೆರಳು ತೋರಿಸಿ ಕೇಳುವ ಮಾತಲ್ಲೇ ಹೇಳಿದ:

ಒಂದಕ್ಕೆ ಸಣ್ಣ ಬಟನ್,
ಎರಡಕ್ಕೆ ದೊಡ್ಡ ಬಟನ್.

ನಮ್ಮ ಸಾಲುಗಳಲ್ಲಿ ಅತಿ ಬೇಗ ಎಲ್ಲರ ಬಾಯಿಗೆ ಬಂದದ್ದು ಇದು. ಮಕ್ಕಳೇ ಅದನ್ನು ಅಜ್ಜ ಅಜ್ಜಿಗೆ ಹೇಳಿಕೊಟ್ಟರು.

ಇನ್ನು ಸೋರುವ ಫ್ಲಶ್. ಹಾಸನದಿಂದ ಬಂದ ಆ ಮನೆಯವರೇ ಈ ಸ್ಟಿಕರಿನ ಸಾಲು ಬರೆದುಕೊಟ್ಟರು: ‘ಕೇಸರಿ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಬಣ್ಣ ಇಳಿದರೆ ಒಂದು ಫೋನ್ ಮಾಡಿ.’ ಕೆಳಗೆ ಪ್ಲಂಬರ್ ನಂಬರ್. ಇಲ್ಲಿ ಒಂದು ಎಚ್ಚರಿಕೆ ಇದೆ. ಫೋನ್ ಮಾಡಿದ ಮೇಲೆ ಪ್ಲಂಬರ್ ನಾಲ್ಕು ದಿನ ಬಾರದಿದ್ದರೆ ಸ್ಟಿಕರ್ ಸುಳ್ಳು ಹೇಳಿದ ಹಾಗೆ. ಹಾಗಾಗಿ ಸ್ಟಿಕರ್ ಹಂಚುವ ಮೊದಲೇ ವಾಷರುಗಳನ್ನು ತಂದಿಟ್ಟೆವು, ವಾಷರ್ ಬದಲಾಯಿಸುವುದಕ್ಕೆ ಮನೆಯವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ತೀರ್ಮಾನ ಮಾಡಿದೆವು. ಗೋಡೆಯೊಳಗೆ ಟ್ಯಾಂಕ್ ಇರುವ ಮನೆಗಳಲ್ಲಿ ಬಟನ್ ಪ್ಲೇಟ್ ತೆಗೆದೇ ಬಣ್ಣ ಹಾಕಬೇಕು, ಅದನ್ನು ಮನೆಯವರೇ ಮಾಡಲು ಹೋಗಿ ಕ್ಲಿಪ್ ಮುರಿದುಕೊಂಡದ್ದೂ ಇದೆ. ಅಂಥ ಮನೆಗೆ ಪ್ಲಂಬರೇ ಹೋಗುವುದು ಒಳ್ಳೆಯದು.

ಏರೇಟರ್ ಬಗ್ಗೆಯೂ ಒಂದು ಮಾತು. ನಲ್ಲಿಯ ಬಾಯಿಗೆ ಹಾಕುವ ಆ ಪುಟ್ಟ ಜಾಲರಿ ನೀರಿಗೆ ಗಾಳಿ ಬೆರೆಸಿ ಬಿಡುತ್ತದೆ. ನನ್ನ ಅಡುಗೆಮನೆಯಲ್ಲಿ ಆರು ಸೆಕೆಂಡಿಗೆ ತುಂಬುತ್ತಿದ್ದ ಬಾಟಲಿಗೆ ಈಗ ಹದಿನೈದು ಸೆಕೆಂಡ್ ಬೇಕು, ಕೈ ತೊಳೆಯುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಹಾಕಬೇಡಿ. ತುಂಬಬೇಕಾದ್ದು ಅಷ್ಟೇ ನೀರು, ಹೊತ್ತು ಮಾತ್ರ ಎರಡೂವರೆ ಪಟ್ಟು. ನಮ್ಮ ಬೋರ್‌ವೆಲ್ ನೀರು ಗಡಸು. ಮೂರು ತಿಂಗಳಿಗೆ ಜಾಲರಿಗೆ ಬಿಳಿ ಹಿಟ್ಟು ಕಟ್ಟಿ ನೀರು ಅಡ್ಡಾದಿಡ್ಡಿ ಸಿಡಿಯುತ್ತದೆ. ಆಗ ಜನ ಅದನ್ನು ಕಿತ್ತು ಬಿಸಾಡುತ್ತಾರೆ. ಅವರಿಗೆ ಕಾಳಜಿ ಇಲ್ಲ ಎಂದಲ್ಲ, ತೊಳೆಯಬಹುದು ಎಂದು ಯಾರೂ ಹೇಳಿರುವುದಿಲ್ಲ. ‘ನೀರು ಸಿಡಿದರೆ ಜಾಲರಿ ಬಿಚ್ಚಿ, ನಿಂಬೆರಸದಲ್ಲಿ ನೆನೆಸಿ’ ಎಂಬ ಸಾಲು ಇದಕ್ಕೇ. ಅಡುಗೆಗೆ ಹಿಂಡಿದ ಮೇಲೆ ಉಳಿದ ಎರಡು ಹೋಳು ಬಿಸಿನೀರಿಗೆ ಹಾಕಿ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಬಿಟ್ಟುಬರುತ್ತದೆ.

ಇವುಗಳಿಂದ ಎಷ್ಟು ನೀರು ಉಳಿಯಿತು ಎಂದು ನೀವು ಕೇಳಬಹುದು. ಸಾಲುಗಳಿಂದಲೇ ಇಷ್ಟು ಉಳಿಯಿತು ಎಂದು ನಾನು ಹೇಳಲಾರೆ. ಅದೇ ಹೊತ್ತಿಗೆ ಏರೇಟರುಗಳು ಬಂದವು, ಮೇ ತಿಂಗಳಲ್ಲಿ ಮಳೆಯೂ ಬಂತು. ಆದರೆ ಬಣ್ಣದ ಸ್ಟಿಕರ್ ಹಂಚಿದ ಮೊದಲ ವಾರದಲ್ಲೇ ಹನ್ನೊಂದು ಮನೆಯವರು ಪ್ಲಂಬರಿಗೆ ಫೋನ್ ಮಾಡಿದರು. ಪಟ್ಟಿ ಅಂಟಿಸಿದ ತಿಂಗಳು ಒಬ್ಬರೂ ಮಾಡಿರಲಿಲ್ಲ. ಸೋರುತ್ತಿದೆ ಎಂದು ಹೇಳಿಕೊಂಡರೆ ಪಟ್ಟಿಗೆ ಹೆಸರು ಸೇರುತ್ತದೆ ಎಂಬ ಹೆದರಿಕೆ ಇದ್ದರೆ ಯಾರು ಹೇಳಿಕೊಳ್ಳುತ್ತಾರೆ?

ಮೀಟರಿನ ಓದನ್ನು ಈಗಲೂ ತೆಗೆಯುತ್ತೇವೆ. ಅದನ್ನು ಮಡಚಿದ ಚೀಟಿಯಲ್ಲಿ ಬರೆದು ಆ ಮನೆಯ ಬಾಗಿಲಿಗಷ್ಟೇ ಕೊಡುತ್ತೇವೆ. ಕಳೆದ ತಿಂಗಳಿಗಿಂತ ತುಂಬಾ ಏರಿದ್ದರೆ ಕೆಳಗೆ ಒಂದು ಸಾಲು ಇರುತ್ತದೆ: ‘ಈ ಸಲ ಸ್ವಲ್ಪ ಜಾಸ್ತಿ ಬಂದಿದೆ. ಎಲ್ಲಾದರೂ ಸೋರುತ್ತಿರಬಹುದು, ಬಂದು ನೋಡೋಣವೇ?’ ಮನೆಗೆ ನೆಂಟರು ಬಂದಿದ್ದರೆ, ಬಾಣಂತನ ನಡೆಯುತ್ತಿದ್ದರೆ ಅವರೇ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು.

ಜಲಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟು. ಬರುವ ಬೇಸಿಗೆಯ ಪ್ರಚಾರಕ್ಕೆ ದೊಡ್ಡ ಬ್ಯಾನರುಗಳ ಜೊತೆ, ಬಿಲ್ಲಿನೊಂದಿಗೆ ಮನೆಗೆ ತಲುಪುವಂತೆ ನಾಲ್ಕು ಪುಟ್ಟ ಸ್ಟಿಕರ್ ಮಾಡಿಸಿ: ಸಿಂಕಿಗೆ ಒಂದು, ಬಿಸಿನೀರಿನ ನಲ್ಲಿಗೆ ಒಂದು, ಫ್ಲಶ್‌ಗೆ ಎರಡು. ಮೇಲೆ ಬರೆದ ಸಾಲುಗಳನ್ನು ಹಾಗೆಯೇ ಬಳಸಿಕೊಳ್ಳಬಹುದು, ತಿದ್ದಿಯೂ ಬಳಸಬಹುದು. ಅವು ಯಾರ ಸ್ವತ್ತೂ ಅಲ್ಲ. ದಂಡದ ಆದೇಶವನ್ನು ನೋಟಿಸ್ ಬೋರ್ಡಿನಲ್ಲಿ ಬೇರೆಯಾಗಿ ಹಾಕಿ. ಅದನ್ನೂ ಇದನ್ನೂ ಒಂದೇ ಹಾಳೆಯಲ್ಲಿ ಸೇರಿಸಬೇಡಿ.

ಸಂಘದವರಲ್ಲಿ ಒಂದೇ ಬೇಡಿಕೆ. ನಿಮ್ಮ ಲಿಫ್ಟಿನಲ್ಲಿ ಮನೆ ನಂಬರುಗಳ ಪಟ್ಟಿ ಇದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ. ಆಮೇಲೆ ಪಟ್ಟಿಯ ಮೊದಲ ಮನೆಗೆ ಪ್ಲಂಬರ್ ಜೊತೆ, ಒಂದಿಷ್ಟು ಕೇಸರಿ ಬಣ್ಣ ಹಿಡಿದು ಹೋಗಿ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿ, ನೀರಿನ ಸಮಿತಿಯ ಮಾಜಿ ಸದಸ್ಯ